ಶನಿವಾರದ ತರಗತಿ ಯಾರ ಕೆಲಸ? – ಗಡಿನಾಡಿನ ಕನ್ನಡ ಶಾಲೆಗಳಿಗೆ ಶಿಕ್ಷಕರನ್ನು ಕಳುಹಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ಓದಿ, ಈಗ ಉದ್ಯೋಗದ ನಿಮಿತ್ತ ಯುಎಇಯಲ್ಲಿ ನೆಲೆಸಿರುವ ಹಳೆ ವಿದ್ಯಾರ್ಥಿಗಳ ಕೂಟದ ಸಂಚಾಲಕನಾಗಿ ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ. ಶಾಲೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬರೆದರೆ ಅಲ್ಲಿನ ಮಕ್ಕಳಿಗೂ, ಕನ್ನಡ ಬಾರದಿದ್ದರೂ ಕನ್ನಡ ತರಗತಿಗೆ ನೇಮಕವಾಗಿ ಬಂದು, ತಮ್ಮದಲ್ಲದ ತಪ್ಪಿಗೆ ತಲೆತಗ್ಗಿಸಿಕೊಂಡಿರುವ ಒಬ್ಬ ಶಿಕ್ಷಕರಿಗೂ ಮುಜುಗರವಾಗುತ್ತದೆ. ಕುಂಬಳೆಯಿಂದ ಒಳನಾಡಿನ ಕಡೆಗೆ ಬಸ್ಸು ಹತ್ತಿದವರಿಗೆ ಇಂಥ ಶಾಲೆ ಒಂದಲ್ಲ, ಹಲವು ಸಿಗುತ್ತವೆಂಬುದು ತಮಗೂ ಗೊತ್ತಿದೆ.

ಈ ಪತ್ರಕ್ಕೆ ಕಾರಣವಾದದ್ದು ಒಂದು ಭಾಷಣ. ನಮ್ಮ ಈ ಸಲದ ಕೂಟ ಶಾರ್ಜಾದಲ್ಲಿ, ಪರವಾನಗಿ ಇರುವ ಭಾರತೀಯ ಸಂಘಟನೆಯೊಂದರ ಸಭಾಂಗಣದಲ್ಲಿ ನಡೆಯಿತು. ಊರಿನಿಂದ ಹೊಸದಾಗಿ ಬಂದ ಹತ್ತು ಹನ್ನೆರಡು ಮಂದಿ ಮೊದಲ ಬಾರಿಗೆ ಬಂದಿದ್ದರು. ಅವರಲ್ಲಿ ಲೆಕ್ಕಪತ್ರ ನೋಡುವವರಿದ್ದರು, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದುಡಿಯುವವರಿದ್ದರು, ಸೂಪರ್ ಮಾರ್ಕೆಟ್ಟಿನ ಗೋದಾಮು ನೋಡಿಕೊಳ್ಳುವ ಇಬ್ಬರು ಹುಡುಗರೂ ಇದ್ದರು. ಕೂಟವೆಂದರೆ ಏನು, ಅದು ಏಕಿದೆ ಎಂದು ಅವರಿಗೆ ಹೇಳುವ ಪ್ರಾರಂಭದ ಮಾತು ಸಂಚಾಲಕನ ಪಾಲಿನದು. ಇಪ್ಪತ್ತು ನಿಮಿಷ ಮಾತನಾಡಿದೆ. ಮುಗಿದ ಮೇಲೆ ಆ ಗೋದಾಮಿನ ಹುಡುಗರಲ್ಲೊಬ್ಬ ಎದ್ದು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ತಾವು ಎಂದು ಆಮೇಲೆ ಹೊಳೆಯಿತು. ಆದುದರಿಂದ ಅಂದು ಅವರಿಗೆ ಹೇಳಿದ್ದನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಹೊಸಬರು ಇಂಥ ಕೂಟಕ್ಕೆ ಬರುವಾಗ ಎರಡು ವಿಷಯಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ಒಂದು, ಇಲ್ಲಿ ಯಾರಾದರೂ ಒಳ್ಳೆಯ ಕೆಲಸದ ದಾರಿ ತೋರಿಸಬಹುದೆಂಬ ಆಸೆ. ಇನ್ನೊಂದು, ಊಟದ ಹೊತ್ತಿಗೆ ರಶೀದಿ ಪುಸ್ತಕ ಹೊರಬರುತ್ತದೆಂಬ ಭಯ. ಮೊದಲನೆಯದಕ್ಕೆ ನಾನು ಹೆಚ್ಚು ಹೇಳಲಿಲ್ಲ. ಪರಿಚಯವಾದ ಮೇಲೆ ಅದು ತಾನಾಗಿಯೇ ನಡೆಯುವ ಸಂಗತಿ. ಎರಡನೆಯದಕ್ಕೆ ಮಾತ್ರ ಸಾಕಷ್ಟು ಸಮಯ ತೆಗೆದುಕೊಂಡೆ, ಏಕೆಂದರೆ ಊರಿನ ಅಭ್ಯಾಸದಲ್ಲಿ ಒಳ್ಳೆಯ ಮನಸ್ಸಿನಿಂದಲೇ ತಪ್ಪು ಮಾಡುವ ಜಾಗ ಅದು.

ನಮ್ಮ ಕೂಟದಲ್ಲಿ ರಶೀದಿ ಪುಸ್ತಕವಿಲ್ಲ. ಈ ದೇಶದಲ್ಲಿ ಅನುಮತಿಯಿಲ್ಲದೆ ದೇಣಿಗೆ ಸಂಗ್ರಹಿಸುವುದು 2021ರ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಶಾಲೆಯ ಬಾವಿಗೆ, ಬಡ ಹುಡುಗನ ಶಸ್ತ್ರಚಿಕಿತ್ಸೆಗೆ ಎಂದು ವಾಟ್ಸಾಪಿನಲ್ಲಿ ಒಂದು ಮನವಿ ಹಾಕಿ ಹಣ ಕೂಡಿಸುವುದು ನಮಗೆ ಸಹಜವೆನಿಸಬಹುದು, ಇಲ್ಲಿನ ಕಾನೂನಿಗೆ ಅದು ಹಾಗೆ ಕಾಣುವುದಿಲ್ಲ. ಇನ್ನು ಆಚೆ ಕಡೆ, ಭಾರತದಲ್ಲಿ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಇದೆ. ಭಾರತದ ಪೌರನಾಗಿಯೇ ಉಳಿದಿರುವ ಅನಿವಾಸಿಯು ತನ್ನ ಸ್ವಂತ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ಆ ಕಾಯ್ದೆಯ ಅರ್ಥದಲ್ಲಿ ವಿದೇಶಿ ವಂತಿಗೆಯಲ್ಲ. ಆದರೆ ಅದೇ ಹಣವನ್ನು ಇಲ್ಲಿನ ಒಂದು ಸಂಘವೋ ಕಂಪೆನಿಯೋ ಕಳುಹಿಸಿದರೆ ಅದು ವಿದೇಶಿ ಮೂಲದ ಹಣವಾಗುತ್ತದೆ. ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಓದಿ, ಮುಂದೆ ಬೇರೆ ದೇಶದ ಪೌರತ್ವ ಪಡೆದ ಗೆಳೆಯನ ಹಣವೂ ಹಾಗೆಯೇ. ಅವನ ಕೈಯಲ್ಲಿ ಸಾಗರೋತ್ತರ ಭಾರತೀಯನೆಂಬ ಕಾರ್ಡು ಇದ್ದರೂ ಲೆಕ್ಕ ಬದಲಾಗುವುದಿಲ್ಲ. ಅಂಥ ಹಣವನ್ನು ಪಡೆಯಬೇಕಾದರೆ ಊರಿನ ಸಂಘಕ್ಕೆ ಆ ಕಾಯ್ದೆಯ ಅಡಿ ನೋಂದಣಿ ಬೇಕು, ಹೊಸದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಊರಿನಲ್ಲಿರುವ ನಮ್ಮ ಹಳೆ ವಿದ್ಯಾರ್ಥಿ ಸಂಘ 1860ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಚಿಕ್ಕ ಸಂಘ; ಅದಕ್ಕೆ ಅಷ್ಟೆಲ್ಲ ಮಾಡಿಸಿಕೊಳ್ಳುವ ಶಕ್ತಿಯೂ ಇಲ್ಲ, ಅಗತ್ಯವೂ ಇಲ್ಲ.

ಹಾಗಾಗಿ ಹೊಸಬರಿಗೆ ನಾನು ಹೇಳಿದ್ದು ಇಷ್ಟೆ: ನೀವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಾದರೆ, ಕೊಡಬೇಕೆನಿಸಿದರೆ, ನಿಮ್ಮ ಸ್ವಂತ ಖಾತೆಯಿಂದ ನೇರವಾಗಿ ಊರಿನ ಸಂಘದ ಖಾತೆಗೆ ಹಾಕಿ, ರಶೀದಿಯನ್ನು ಅಲ್ಲಿಂದಲೇ ಪಡೆಯಿರಿ. ಕೂಟದ ಕೈಗೆ ಒಂದು ದಿರ್ಹಮನ್ನೂ ಕೊಡಬೇಡಿ. ಸಭಾಂಗಣದ ಖರ್ಚನ್ನೂ ಊಟದ ಖರ್ಚನ್ನೂ ಬಂದವರು ತಲೆಗಿಷ್ಟೆಂದು ಹಂಚಿಕೊಳ್ಳುತ್ತಾರೆ, ಅಲ್ಲಿಗೆ ಹಣದ ಮಾತು ಮುಗಿಯಿತು.

ಇದನ್ನು ತಮಗೆ ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಹೊರದೇಶದ ಹಳೆ ವಿದ್ಯಾರ್ಥಿಗಳ ಸಂಘವೆಂದ ಕೂಡಲೇ ಕಚೇರಿಗಳಲ್ಲಿ ಎದುರಾಗುವ ಮೊದಲ ಮಾತು, ‘ನೀವೊಂದು ಕಟ್ಟಡ ಕಟ್ಟಿಸಿಕೊಡಬಹುದಲ್ಲ?’ ಎಂಬುದು. ರಜೆಯಲ್ಲಿ ಊರಿಗೆ ಬಂದಾಗ ಇದನ್ನು ನಾನು ನನ್ನ ಕಿವಿಯಿಂದಲೇ ಕೇಳಿದ್ದೇನೆ. ನಮ್ಮ ಶಾಲೆಗೆ ಕಟ್ಟಡದ ಕೊರತೆಯಿಲ್ಲ. ನಮ್ಮ ಕಾಲದಲ್ಲಿ ಹಂಚು ಸರಿದು ಸೋರುತ್ತಿದ್ದ ಕೊಠಡಿಗಳ ಜಾಗದಲ್ಲಿ ಈಗ ಕಾಂಕ್ರೀಟಿನ ಕೊಠಡಿಗಳಿವೆ, ಗೋಡೆಯಲ್ಲಿ ಪ್ರೊಜೆಕ್ಟರ್ ಇದೆ. ಕೊರತೆ ಇರುವುದು ಆ ಪ್ರೊಜೆಕ್ಟರಿನ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಪಾಠ ಹೇಳಬಲ್ಲವರದು.

ಕೂಟದ ಕೆಲಸವೇನೆಂದು ತಿಳಿಸಲು ನಾನು ಹೊಸಬರಿಗೆ ಒಂದು ಲೆಕ್ಕವನ್ನು ಹೇಳಿದೆ. ಅದನ್ನು ತಮಗೂ ಹೇಳುತ್ತೇನೆ.

ಕೆಲವು ಮಳೆಗಾಲಗಳ ಹಿಂದೆ ರಜೆಯಲ್ಲಿ ಊರಿಗೆ ಬಂದಿದ್ದಾಗ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಹತ್ತನೆಯ ತರಗತಿಯ ಕನ್ನಡ ಡಿವಿಷನ್ನಿನ ಹಿಂದಿನ ಬೆಂಚಿನಲ್ಲಿ ಎರಡು ದಿನ ಕುಳಿತಿದ್ದೆ. ಗಣಿತಕ್ಕೆ ಹೊಸದಾಗಿ ಬಂದಿದ್ದ ಶಿಕ್ಷಕರು ತಮ್ಮ ವಿಷಯವನ್ನು ಚೆನ್ನಾಗಿ ಬಲ್ಲವರು. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅವರು ಹುಟ್ಟಿ ಬೆಳೆದದ್ದೂ ಓದಿದ್ದೂ ಮಲಯಾಳದಲ್ಲಿ. ಕನ್ನಡದ ಅಕ್ಷರಗಳನ್ನು ಅವರು ಕೆಲಸಕ್ಕೆ ಸೇರಿದ ಮೇಲೆ, ಮಕ್ಕಳ ಪಠ್ಯಪುಸ್ತಕವನ್ನೇ ಇಟ್ಟುಕೊಂಡು ಒಂದೊಂದಾಗಿ ಕಲಿಯುತ್ತಿದ್ದರು. ಅವರ ಪುಸ್ತಕದ ಅಂಚಿನಲ್ಲಿ ಪ್ರತಿ ಪಾರಿಭಾಷಿಕ ಪದದ ಪಕ್ಕ ಮಲಯಾಳದ ಪದವನ್ನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು. ಅವರ ಶ್ರಮವನ್ನು ನೋಡಿ ನನಗೆ ಗೌರವವೇ ಹುಟ್ಟಿತು. ಆದರೆ ಶಿಕ್ಷಕರು ಭಾಷೆ ಕಲಿತು ಮುಗಿಸುವವರೆಗೆ ಮಾರ್ಚ್ ತಿಂಗಳ ಪರೀಕ್ಷೆ ಕಾಯುವುದಿಲ್ಲ.

ಅಂದು ಪಾಠ ವೃತ್ತದ ಸ್ಪರ್ಶಕದ್ದು. ಬೋರ್ಡಿನ ಮೇಲೆ ವೃತ್ತವೂ ಅದನ್ನು ಒಂದೇ ಬಿಂದುವಿನಲ್ಲಿ ತಾಗಿ ಹೋಗುವ ರೇಖೆಯೂ ಸೊಗಸಾಗಿ ಮೂಡಿದವು. ಶಿಕ್ಷಕರ ಬಾಯಲ್ಲಿ ಅದು ‘ತೊಡುವರ’. ಮಲಯಾಳದಲ್ಲಿ ‘ತೊಡು’ ಎಂದರೆ ಮುಟ್ಟು, ‘ವರ’ ಎಂದರೆ ಗೆರೆ. ಮುಟ್ಟುವ ಗೆರೆ, ಅಚ್ಚುಕಟ್ಟಾದ ಪದ. ಕನ್ನಡದ ಮಗುವಿಗೆ ‘ತೊಡು’ ಎಂದರೆ ಬಟ್ಟೆ ತೊಡುವುದು, ಬಳೆ ತೊಡುವುದು. ತ್ರಿಜ್ಯಕ್ಕೆ ಅಲ್ಲಿ ‘ಆರಂ’. ‘ಆರಂ ಅಂಜ್’ ಎಂದು ಅವರು ಹೇಳಿದಾಗ, ಮುಂದಿನ ಬೆಂಚಿನ ಒಬ್ಬ ಹುಡುಗ ಆರು ಮತ್ತು ಐದು ಎಂದು ಎರಡು ಸಂಖ್ಯೆಗಳನ್ನು ಬರೆದುಕೊಂಡದ್ದನ್ನು ನಾನು ನೋಡಿದೆ. ಕಾಸರಗೋಡಿನ ಮಕ್ಕಳಿಗೆ ಮಲಯಾಳ ಬರುವುದಿಲ್ಲವೇ ಎಂದು ತಾವು ಕೇಳಬಹುದು. ಅಂಗಡಿಯಲ್ಲಿ ಸಾಮಾನು ತರುವಷ್ಟು, ಬಸ್ಸಿನಲ್ಲಿ ಟಿಕೇಟು ಕೇಳುವಷ್ಟು ಬಹಳ ಮಂದಿಗೆ ಬರುತ್ತದೆ. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬೆಳೆದ ಒಳನಾಡಿನ ಮಗುವಿಗೆ ಪಠ್ಯದ ಮಲಯಾಳ ಇನ್ನೊಂದೇ ಭಾಷೆ. ವಿಸ್ತೀರ್ಣಕ್ಕೆ ‘ಪರಪ್ಪಳವ್’ ಎಂಬ ಪದ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಬೇರೆಯೇ ಆಗಿರುವ ಪದಗಳು ಅಷ್ಟು ಅಪಾಯವಲ್ಲ. ಅರ್ಥವಾಗದಿದ್ದರೆ ಮಗು ಕೇಳಬಹುದು. ಅಪಾಯವಿರುವುದು ಎರಡೂ ಭಾಷೆಗಳಲ್ಲಿ ಒಂದೇ ರೂಪವಿದ್ದು ಅರ್ಥ ಬೇರೆಯಾದಲ್ಲಿ. ಕನ್ನಡದಲ್ಲಿ ಭೌತಶಾಸ್ತ್ರ ಓದಿದವರಿಗೆ ದಿಕ್ಕಿನ ಮಾತಿಲ್ಲದ ಓಟದ ಅಳತೆ ‘ಜವ’, ದಿಕ್ಕು ಸೇರಿದರೆ ಅದು ‘ವೇಗ’. ಮಲಯಾಳದಲ್ಲಿ ದಿಕ್ಕಿಲ್ಲದ್ದೇ ‘ವೇಗಂ’, ದಿಕ್ಕು ಸೇರಿದ್ದು ‘ಪ್ರವೇಗಂ’. ಹೀಗಿರುವಾಗ ಒಬ್ಬರ ಬಾಯಿಂದ ಬಂದ ‘ವೇಗ’ವನ್ನು ಇನ್ನೊಬ್ಬರು ಬರೆದುಕೊಂಡರೆ ಇಬ್ಬರಿಗೂ ಅನುಮಾನವೇ ಹುಟ್ಟದೆ ತಪ್ಪು ಕಲಿಕೆ ನಡೆದುಬಿಡುತ್ತದೆ. ಶಿಕ್ಷಕರಿಗೆ ತಾನು ಹೇಳಿದ್ದು ಸರಿ, ಮಗುವಿಗೆ ತಾನು ಕೇಳಿದ್ದು ಸರಿ. ತಿಳಿಯುವುದು ಉತ್ತರಪತ್ರಿಕೆ ಮರಳಿದಾಗ.

ನಮ್ಮ ಲೆಕ್ಕಕ್ಕೆ ಮರಳುತ್ತೇನೆ. ಶಾಲೆಯ ಪರೀಕ್ಷೆಯೊಂದರ ಉತ್ತರಪತ್ರಿಕೆಗಳಲ್ಲಿ ಒಂದು ಪ್ರಶ್ನೆಯನ್ನು ತರಗತಿಯ ಹೆಚ್ಚಿನ ಮಕ್ಕಳು ಖಾಲಿ ಬಿಟ್ಟಿದ್ದರು. ಪ್ರಶ್ನೆ ಸರಳ: ಒಂದು ವೃತ್ತದ ತ್ರಿಜ್ಯ 5 ಸೆಂಟಿಮೀಟರ್, ಕೇಂದ್ರದಿಂದ 13 ಸೆಂಟಿಮೀಟರ್ ದೂರದ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕದ ಉದ್ದವೆಷ್ಟು? ಮಕ್ಕಳಿಗೆ ಗಣಿತ ಬರುವುದಿಲ್ಲವೆಂದು ಷರಾ ಬರೆದು ಅಲ್ಲಿಗೇ ಬಿಡಬಹುದಿತ್ತು. ನಮ್ಮ ಕೂಟದಲ್ಲಿ ಹಿಂದೆ ಊರಿನ ಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿದ್ದ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಈಗಲೂ ಮಾಷ್ಟ್ರೇ ಎಂದೇ ಕರೆಯುತ್ತೇವೆ. ‘ಗಣಿತ ಸೋತಿತೋ ಭಾಷೆ ಸೋತಿತೋ ಎಂದು ಮೊದಲು ನೋಡಬೇಕು’ ಎಂದವರು ಅವರು. ಅದೇ ಪ್ರಶ್ನೆಯನ್ನು ಪದಗಳಿಲ್ಲದೆ, ಬರೀ ಚಿತ್ರವಾಗಿ ಬರೆದು ಕಳುಹಿಸಿದರು. ವೃತ್ತ, ಕೇಂದ್ರದಿಂದ ತಾಗುವ ಬಿಂದುವಿಗೆ ಒಂದು ಗೆರೆ, ಅದರ ಪಕ್ಕ 5. ಹೊರಗಿನ ಬಿಂದುವಿಗೆ ಇನ್ನೊಂದು ಗೆರೆ, ಅದರ ಪಕ್ಕ 13. ಮೂರನೆಯ ಗೆರೆಯ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ.

ಖಾಲಿ ಬಿಟ್ಟಿದ್ದವರಲ್ಲಿ ಬಹುಪಾಲು ಮಕ್ಕಳು ಅದನ್ನು ಮಾಡಿಬಿಟ್ಟರು. ತಾಗುವ ಬಿಂದುವಿನಲ್ಲಿ ತ್ರಿಜ್ಯವೂ ಆ ಗೆರೆಯೂ ಲಂಬವಾಗಿರುತ್ತವೆಂದು ಅವರಿಗೆ ಗೊತ್ತಿತ್ತು. 13ರ ವರ್ಗ 169, 5ರ ವರ್ಗ 25, ಕಳೆದರೆ 144, ಅದರ ವರ್ಗಮೂಲ 12. ಒಬ್ಬಳು ಹುಡುಗಿ ಉತ್ತರದ ಕೆಳಗೆ ‘ತೊಡುವರ = 12 ಸೆಂ.ಮೀ.’ ಎಂದು ಕನ್ನಡ ಅಕ್ಷರದಲ್ಲಿ ಬರೆದು ಕಳುಹಿಸಿದ್ದಳು. ಅವಳಿಗೆ ಪೈಥಾಗೊರಸನ ಪ್ರಮೇಯ ಬರುತ್ತಿತ್ತು, ವೃತ್ತದ ಗುಣ ಬರುತ್ತಿತ್ತು. ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿದ್ದ ‘ಸ್ಪರ್ಶಕ’ ಎಂಬ ಒಂದೇ ಪದವನ್ನು ತರಗತಿಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಎಸ್ಸೆಸ್ಸೆಲ್ಸಿಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದೆ, ಆ ಮಟ್ಟಿಗೆ ರಾಜ್ಯ ತನ್ನ ಮಾತನ್ನು ಉಳಿಸಿಕೊಂಡಿದೆ. ಪರೀಕ್ಷೆಯ ಮೊದಲ ಹದಿನೈದು ನಿಮಿಷ ಪ್ರಶ್ನೆಗಳನ್ನು ಓದಿ ಅರ್ಥಮಾಡಿಕೊಳ್ಳಲೆಂದೇ ಮೀಸಲು. ವರ್ಷವಿಡೀ ಕೇಳದ ಪದವನ್ನು ಹದಿನೈದು ನಿಮಿಷ ದಿಟ್ಟಿಸಿದರೆ ಅದು ಅರ್ಥವಾಗುವುದಿಲ್ಲ.

ಇದೇ ನಮ್ಮ ಕೂಟದ ಕೆಲಸ ಎಂದು ಹೊಸಬರಿಗೆ ಹೇಳಿದೆ. ವಾರಕ್ಕೊಮ್ಮೆ, ಶನಿವಾರ, ಊರಿನ ಗಂಟೆ ಒಂಬತ್ತಕ್ಕೆ, ಇಲ್ಲಿನ ಏಳೂವರೆಗೆ, ನಮ್ಮಲ್ಲಿ ಒಬ್ಬರು ಆನ್‌ಲೈನಿನಲ್ಲಿ ಒಂದು ಗಂಟೆ ಕುಳಿತು, ಆ ವಾರ ಶಾಲೆಯಲ್ಲಿ ನಡೆದ ಗಣಿತ ಮತ್ತು ವಿಜ್ಞಾನದ ಪಾಠಗಳನ್ನು ಕನ್ನಡದ ಪದಗಳಲ್ಲಿ ಮತ್ತೆ ಹೇಳುತ್ತಾರೆ. ಹೊಸ ಪಾಠ ಮಾಡುವುದಿಲ್ಲ. ಶಾಲೆಯ ಶಿಕ್ಷಕರು ಹೇಳಿದ್ದು ತಪ್ಪೆಂದು ಒಂದು ಮಾತನ್ನೂ ಆಡುವುದಿಲ್ಲ. ಅದು ಕೂಟದ ಮೊದಲ ನಿಯಮ. ಅವರು ‘ತೊಡುವರ’ ಎಂದದ್ದು ಪುಸ್ತಕದ ಯಾವ ಪದವೆಂದು ಸೇರಿಸಿಕೊಡುವುದಷ್ಟೇ ನಮ್ಮ ಪಾಲು. ಶಾಲೆಯ ಆ ಶಿಕ್ಷಕರೂ ಈಗ ಆ ತರಗತಿಗೆ ಬಂದು ಕುಳಿತು ಪದಗಳನ್ನು ಬರೆದುಕೊಳ್ಳುತ್ತಾರೆ. ಅವರನ್ನು ಮಕ್ಕಳ ಮುಂದೆ ವಿದ್ಯಾರ್ಥಿಯಂತೆ ಕೂರಿಸಿದ ಸಂಕಟ ನಮಗಿದೆ, ಅವರು ಮಾತ್ರ ಅದನ್ನು ದೊಡ್ಡದು ಮಾಡಲಿಲ್ಲ.

ಈ ಏರ್ಪಾಡು ಸುಲಭವಾಗಿ ಆದದ್ದಲ್ಲ. 2020ರಲ್ಲಿ ಶಾಲೆಗಳು ಮುಚ್ಚಿ ಮಕ್ಕಳು ಮನೆಯಲ್ಲಿದ್ದಾಗ ಇದನ್ನು ಶುಕ್ರವಾರ ಆರಂಭಿಸಿದೆವು, ಏಕೆಂದರೆ ಆಗ ಇಲ್ಲಿನ ವಾರದ ರಜೆ ಶುಕ್ರವಾರವಾಗಿತ್ತು. 2021ರ ನವೆಂಬರಿನಲ್ಲಿ ಕೇರಳದ ಶಾಲೆಗಳು ತೆರೆದ ಕೂಡಲೇ ಶುಕ್ರವಾರ ಮಕ್ಕಳು ಸಿಗದಾದರು, ತರಗತಿ ನಿಂತೇಹೋಯಿತು. 2022ರ ಜನವರಿಯಿಂದ ಯುಎಇ ಸರ್ಕಾರ ತನ್ನ ವಾರದ ರಜೆಯನ್ನು ಶನಿವಾರ ಭಾನುವಾರಕ್ಕೆ ಬದಲಾಯಿಸಿದ್ದರಿಂದ ಅದು ಮತ್ತೆ ಜೀವ ಪಡೆಯಿತು. ಕಾಸರಗೋಡಿನ ಮಕ್ಕಳ ಗಣಿತದ ಪಾಠ ಇನ್ನೊಂದು ದೇಶದ ರಜೆಯ ಪಟ್ಟಿಯನ್ನು ನೆಚ್ಚಿಕೊಂಡಿತ್ತೆಂಬುದನ್ನು ತಾವು ಗಮನಿಸಬೇಕು. ಹಾಗಿದ್ದರೂ ಇಲ್ಲಿ ಖಾಸಗಿ ಕಂಪೆನಿಗಳಲ್ಲಿ ದುಡಿಯುವ ಅನೇಕರಿಗೆ ಶನಿವಾರ ಪೂರ್ತಿ ರಜೆಯಿಲ್ಲ. ಆದ್ದರಿಂದ ಸರದಿಯ ಪಟ್ಟಿ ಮಾಡಿಕೊಂಡಿದ್ದೇವೆ. ವಾಟ್ಸಾಪಿನ ಕರೆ ಈ ದೇಶದಲ್ಲಿ ನಡೆಯುವುದಿಲ್ಲವೆಂಬುದನ್ನು ಹೊಸಬರಿಗೆ ಹೇಳಬೇಕಾಯಿತು, ಏಕೆಂದರೆ ಊರಿನ ಮನೆಯವರು ಮೊದಲು ಅದಕ್ಕೇ ಕರೆಮಾಡುತ್ತಾರೆ. ತರಗತಿ ನಡೆಯುವುದು ಗೂಗಲ್ ಮೀಟಿನಲ್ಲಿ. ಮಳೆಗಾಲದಲ್ಲಿ ಒಳನಾಡಿನಲ್ಲಿ ಕರೆಂಟು ಹೋದರೆ ಅರ್ಧ ತರಗತಿ ಖಾಲಿ. ಒಂದೇ ಫೋನಿನ ಮುಂದೆ ಅಕ್ಕ ತಮ್ಮ ಪಕ್ಕದ ಮನೆಯವಳು ಮೂವರು ಕುಳಿತಿರುವುದೂ ಇದೆ.

ಇದರ ಮಿತಿ ನಮಗೆ ಗೊತ್ತು. ವಾರಕ್ಕೆ ಒಂದು ಗಂಟೆಯಲ್ಲಿ ಪದಗಳನ್ನು ಸರಿಪಡಿಸಬಹುದು. ಮಗು ಬೋರ್ಡಿನ ಮುಂದೆ ತಡವರಿಸುವಾಗ ಅದು ತಡವರಿಸುತ್ತಿರುವುದು ಏಕೆಂದು ಅದರ ಭಾಷೆಯಲ್ಲೇ ಕೇಳಿ ತಿಳಿಯುವ ಕೆಲಸವನ್ನು ಸಾವಿರಾರು ಕಿಲೋಮೀಟರ್ ದೂರದಿಂದ ಮಾಡಲಾಗುವುದಿಲ್ಲ. ಪ್ರಯೋಗಾಲಯದ ಪಾಠವನ್ನಂತೂ ಮುಟ್ಟುವುದೇ ಇಲ್ಲ.

ಇಲ್ಲಿಗೆ ನನ್ನ ಮಾತು ಮುಗಿಸಿ, ಶನಿವಾರದ ಸರದಿಗೆ ಹೊಸಬರಲ್ಲಿ ಯಾರು ಹೆಸರು ಕೊಡುತ್ತೀರಿ ಎಂದು ಕೇಳಿದೆ. ಆಗ ಎದ್ದದ್ದು ಆ ಹುಡುಗ. ಅವನು ಅದೇ ಶಾಲೆಯಲ್ಲಿ, ಇದೇ ಪರಿಸ್ಥಿತಿಯಲ್ಲಿ ಓದಿ ಬಂದವನು. ‘ಅಣ್ಣ, ನಾನು ಹೆಸರು ಕೊಡುತ್ತೇನೆ. ಆದರೆ ಒಂದು ಮಾತು. ಇದು ನಮ್ಮ ಕೆಲಸವಾ? ನಾವು ಇಲ್ಲಿಂದ ತೂತು ಮುಚ್ಚುತ್ತಾ ಹೋದರೆ ಅಲ್ಲಿ ಎಲ್ಲ ಸರಿಯಿದೆ ಅಂತ ಅವರಿಗೆ ಕಾಣುವುದಿಲ್ಲವಾ?’ ಸಭೆ ಒಂದು ಗಳಿಗೆ ಸುಮ್ಮನಾಯಿತು. ನಮ್ಮ ಮಾಷ್ಟ್ರು ಮೆಲ್ಲಗೆ ತಲೆಯಾಡಿಸಿದರು. ನಾನು ಏನೋ ಹೇಳಿ ಊಟಕ್ಕೆ ಕರೆದೆ.

ಮಾನ್ಯರೇ, ಅವನ ಸಂಶಯ ಸರಿಯಾದದ್ದು. ಆದರೆ ನಾವು ಕೈಬಿಟ್ಟರೆ ಏನಾಗುತ್ತದೆಂಬುದೂ ನಮಗೆ ಗೊತ್ತಿರುವುದರಿಂದಲೇ ಇಕ್ಕಟ್ಟಿನಲ್ಲಿದ್ದೇವೆ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸಿ, ಆ ಸಂಖ್ಯೆಯ ಮೇಲೆ ಡಿವಿಷನ್ನುಗಳನ್ನೂ ಶಿಕ್ಷಕರ ಹುದ್ದೆಗಳನ್ನೂ ನಿರ್ಧರಿಸುವ ಪದ್ಧತಿಯಿದೆ. ಕನ್ನಡ ಡಿವಿಷನ್ನಿನಲ್ಲಿ ಗಣಿತಕ್ಕೆ ಕನ್ನಡ ಬಾರದವರು ಬಂದಿದ್ದಾರೆಂಬ ಸುದ್ದಿ ಮೇ ತಿಂಗಳಲ್ಲೇ ಊರಿಗೆಲ್ಲ ತಿಳಿಯುತ್ತದೆ. ಅನುಕೂಲವಿರುವ ತಂದೆತಾಯಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತಾರೆ; ಅವರನ್ನು ದೂರಲು ನನಗೆ ನಾಲಗೆ ಬರುವುದಿಲ್ಲ. ಆರನೆಯ ದಿನ ಎಣಿಸುವಾಗ ತಲೆ ಕಡಿಮೆ. ತಲೆ ಕಡಿಮೆಯಾದರೆ ಹುದ್ದೆ ಕಡಿಮೆ, ಹುದ್ದೆ ಹೋದರೆ ಮರುವರ್ಷ ತಾತ್ಕಾಲಿಕ ಶಿಕ್ಷಕರು, ಅದನ್ನು ಕಂಡು ಇನ್ನಷ್ಟು ಮಂದಿ ಬಿಡುತ್ತಾರೆ. ಕೊನೆಗೆ ಕಡತದಲ್ಲಿ ಉಳಿಯುವ ವಾಕ್ಯ, ‘ಕನ್ನಡ ಮಾಧ್ಯಮಕ್ಕೆ ಬೇಡಿಕೆಯಿಲ್ಲ’. ಬೇಡಿಕೆ ಹೇಗೆ ಕರಗಿತೆಂಬುದು ಆ ಕಡತದಲ್ಲಿ ಇರುವುದಿಲ್ಲ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯವನ್ನು ಒದಗಿಸಬೇಕೆಂದು ಹೇಳುತ್ತದೆ. ಅದು ಪ್ರಾಥಮಿಕ ಹಂತಕ್ಕೆ ಮಾತ್ರವೆಂಬುದನ್ನು ನಾನು ಮರೆತಿಲ್ಲ. ಹೈಸ್ಕೂಲಿನ ಕನ್ನಡ ಡಿವಿಷನ್ನು ಆ ವಿಧಿಯ ಬಲದಿಂದಲ್ಲ, 1956ರಲ್ಲಿ ದಕ್ಷಿಣ ಕನ್ನಡದಿಂದ ಅಂದಿನ ಕಾಸರಗೋಡು ತಾಲೂಕನ್ನು ಪಡೆದ ರಾಜ್ಯವು ಇಲ್ಲಿದ್ದ ಶಾಲೆಗಳನ್ನು ಇದ್ದ ಭಾಷೆಯಲ್ಲೇ ನಡೆಸಿಕೊಂಡು ಬಂದುದರಿಂದ ಉಳಿದಿದೆ. ಗಡಿ ಎಲ್ಲಿರಬೇಕಿತ್ತೆಂಬ ಹಳೆಯ ವಾದವನ್ನು ನಮ್ಮ ಕೂಟ ಎತ್ತುವುದಿಲ್ಲ. ಹೊಸಬರಿಗೂ ಅದನ್ನು ಸ್ಪಷ್ಟವಾಗಿ ಹೇಳಿದ್ದೇನೆ. ನಮ್ಮ ಶಾಲೆ ಕೇರಳದ ಶಾಲೆ, ನಮ್ಮ ಮಕ್ಕಳು ಕೇರಳದ ಮಕ್ಕಳು. ಪುಸ್ತಕವನ್ನೂ ಪ್ರಶ್ನೆಪತ್ರಿಕೆಯನ್ನೂ ಕನ್ನಡದಲ್ಲಿ ಅಚ್ಚುಮಾಡಿಸಿ, ನಡುವಿನ ಶಿಕ್ಷಕರನ್ನು ಮಾತ್ರ ಬೇರೆ ಭಾಷೆಯವರನ್ನು ಕಳುಹಿಸಿದರೆ ಆ ಎರಡು ಖರ್ಚುಗಳೂ ವ್ಯರ್ಥವೆಂಬುದು ನನ್ನ ದೂರು.

ಆದುದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಕನ್ನಡ ಮಾಧ್ಯಮದ ಹುದ್ದೆಗೆ ಆಯ್ಕೆ ಮಾಡುವಾಗ ಅಭ್ಯರ್ಥಿಯ ಕೈಗೆ ಆಯಾ ವಿಷಯದ ಕನ್ನಡ ಪಠ್ಯಪುಸ್ತಕವನ್ನು ಕೊಟ್ಟು, ಒಂದು ಪುಟವನ್ನು ಓದಿಸಿ, ಬೋರ್ಡಿನ ಮುಂದೆ ನಿಲ್ಲಿಸಿ ಹತ್ತು ನಿಮಿಷ ಕನ್ನಡದಲ್ಲಿ ಪಾಠ ಮಾಡಿಸಿರಿ. ಅದನ್ನು ಕೇಳಿ ತೀರ್ಮಾನ ಹೇಳುವವರು ಕನ್ನಡ ಮಾಧ್ಯಮದಲ್ಲಿ ಅದೇ ವಿಷಯವನ್ನು ಕಲಿಸಿದವರಾಗಿರಲಿ. ಭಾಷೆ ಬರುತ್ತದೆಂಬ ಕಾಗದಕ್ಕಿಂತ ಈ ಹತ್ತು ನಿಮಿಷ ಹೆಚ್ಚು ಹೇಳುತ್ತದೆ. ‘ಕುಶಲವೇ’ ಎಂದು ಕೇಳಿ ‘ಕುಶಲ’ ಎಂದು ಹೇಳಿಸಿಕೊಳ್ಳುವುದು ಪರೀಕ್ಷೆಯಲ್ಲ.

ಈಗಾಗಲೇ ನೇಮಕವಾಗಿ ಬಂದಿರುವ, ಕನ್ನಡ ಬಾರದ ಶಿಕ್ಷಕರನ್ನು ನಾವು ಅಟ್ಟಲು ಹೇಳುತ್ತಿಲ್ಲ. ಇದೇ ಜಿಲ್ಲೆಯ ಮಲಯಾಳ ಡಿವಿಷನ್ನುಗಳಲ್ಲಿ ಅವರ ವಿಷಯಕ್ಕೆ ಹುದ್ದೆ ತೆರವಾದಾಗ ಅವರಿಗೆ ಮೊದಲ ಅವಕಾಶ ಕೊಟ್ಟರೆ ಅಲ್ಲಿನ ಮಕ್ಕಳಿಗೂ ಲಾಭ, ಅವರಿಗೂ ನೆಮ್ಮದಿ. ಅಲ್ಲಿಯವರೆಗೆ ಮಾಯಿಪ್ಪಾಡಿಯಲ್ಲಿರುವ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯ ಮೂಲಕ ಹೈಸ್ಕೂಲಿನ ಗಣಿತ ಮತ್ತು ವಿಜ್ಞಾನದ ಕನ್ನಡ-ಮಲಯಾಳ ಪದಪಟ್ಟಿಯೊಂದನ್ನು ಸಿದ್ಧಪಡಿಸಿ ಹಂಚಿಸಿರಿ. ಒಂದೇ ರೂಪವಿದ್ದು ಅರ್ಥ ಬೇರೆಯಾದ ಪದಗಳಿಗೆ ಅದರಲ್ಲಿ ಪ್ರತ್ಯೇಕ ಪುಟವಿರಲಿ. ನಮ್ಮ ಶನಿವಾರದ ತರಗತಿಗಳಿಂದ ಕೂಡಿದ ಪಟ್ಟಿಯೊಂದು ನಮ್ಮ ಮಾಷ್ಟ್ರ ಹತ್ತಿರ ಇದೆ. ಅದನ್ನು ಯಾವ ಹೆಸರೂ ಹಾಕದೆ ತಮಗೆ ಒಪ್ಪಿಸಲು ಸಿದ್ಧರಿದ್ದೇವೆ. ಇನ್ನೊಂದು ಸಣ್ಣ ಮಾತು: ತೆರವಾದ ಹುದ್ದೆಗೆ ತಾತ್ಕಾಲಿಕ ಶಿಕ್ಷಕರ ಸಂದರ್ಶನವನ್ನು ಆರನೆಯ ದಿನದ ಎಣಿಕೆ ಮುಗಿದ ಮೇಲೆ ಕರೆಯುವ ಬದಲು ಶಾಲೆ ತೆರೆಯುವ ಮೊದಲೇ ಕರೆಯಲು ಹೇಳಿರಿ. ಬೋರ್ಡಿನ ಮುಂದೆ ಯಾರಿದ್ದಾರೆಂದು ನೋಡಿಯೇ ತಂದೆತಾಯಿ ಮಗುವಿನ ಹೆಸರು ಬರೆಸುತ್ತಾರೆ.

ಈ ಪತ್ರದ ಪ್ರತಿಯೊಂದನ್ನು ಅಂಚೆಯಲ್ಲೂ ಕಳುಹಿಸಿದ್ದೇನೆ. ಅದನ್ನು ಕನ್ನಡದಲ್ಲಿಯೇ ಬರೆದಿರುವುದು ಹಟಕ್ಕಲ್ಲ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಬಹುದೆಂದೂ, ಅದಕ್ಕೆ ಉತ್ತರವೂ ಕನ್ನಡದಲ್ಲಿರಬೇಕೆಂದೂ ಹೇಳುತ್ತದೆ. ತಮ್ಮ ಉತ್ತರ ಬಂದ ವಾರ ಅದನ್ನು ಶನಿವಾರದ ತರಗತಿಯಲ್ಲಿ ಮಕ್ಕಳಿಗೆ ಓದಿ ಹೇಳುವೆವು, ಮತ್ತು ಆ ಹುಡುಗನಿಗೆ ನಾನು ಕೊಡದೆ ಉಳಿಸಿಕೊಂಡ ಉತ್ತರವನ್ನು ಮುಂದಿನ ಕೂಟದ ಪ್ರಾರಂಭದ ಮಾತಿನಲ್ಲಿ ಕೊಡುವೆನು. ಸರದಿಯ ಪಟ್ಟಿಯಲ್ಲಿ ಅವನ ಹೆಸರು ಈಗ ತಿಂಗಳ ಮೂರನೆಯ ಶನಿವಾರಕ್ಕೆ ಇದೆ.

ಇತಿ ತಮ್ಮ ವಿಶ್ವಾಸಿ,
ಹಳೆ ವಿದ್ಯಾರ್ಥಿಗಳ ಕೂಟದ ಪರವಾಗಿ, ಸಂಚಾಲಕ
ಶಾರ್ಜಾ